ಶಟರ್ ಮುಚ್ಚಿದ ತಿಂಗಳುಗಳಿಗೂ ವಿಮೆ ಇದೆ

ಅಂಗಡಿಗೆ ಬೆಂಕಿ ಬಿದ್ದ ಮರುದಿನ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇನ್ಶೂರೆನ್ಸ್ ಇತ್ತಾ?’ ಮಾಲೀಕರು ‘ಇತ್ತು’ ಎನ್ನುತ್ತಾರೆ. ಬ್ಯಾಂಕಿನಲ್ಲಿ ಸಿಸಿ ಖಾತೆ ತೆಗೆದಾಗ ಬ್ಯಾಂಕಿನವರೇ ಮಾಡಿಸಿದ ಪಾಲಿಸಿ ಅದು. ವರ್ಷ ವರ್ಷ ಪ್ರೀಮಿಯಂ ಖಾತೆಯಿಂದ ಕಡಿತವಾಗುತ್ತದೆ, ಕಾಗದ ಬ್ಯಾಂಕಿನ ಫೈಲಿನಲ್ಲಿರುತ್ತದೆ. ಅದರಲ್ಲಿ ಏನು ಬರೆದಿದೆ ಎಂದು ನೋಡಿದವರು ಕಡಿಮೆ. ನೋಡಿದರೆ ಅದರಲ್ಲಿರುವುದು ಸ್ಟಾಕು, ಫರ್ನಿಚರು, ಕೆಲವೊಮ್ಮೆ ಕಟ್ಟಡ. ಅಂದರೆ ಸುಟ್ಟುಹೋಗಬಹುದಾದ ವಸ್ತುಗಳು. ಕ್ಲೇಮ್ ಮಂಜೂರಾದಾಗಲೂ ಹಣ ಸಾಮಾನ್ಯವಾಗಿ ಮೊದಲು ಹೋಗುವುದು ಸಾಲದ ಖಾತೆಗೆ, ಏಕೆಂದರೆ ಆ ಮಾಲಿನ ಮೇಲೆ ಬ್ಯಾಂಕಿಗೆ ಹಕ್ಕಿರುತ್ತದೆ.

ಅದೇ ಪಾಲಿಸಿಯ ಹೊರಗಿಟ್ಟ ನಷ್ಟಗಳ ಪಟ್ಟಿಯಲ್ಲಿ ಒಂದು ಸಾಲು ಇರುತ್ತದೆ. ಗಳಿಕೆಯ ನಷ್ಟ, ವಿಳಂಬದಿಂದಾದ ನಷ್ಟ, ಮಾರುಕಟ್ಟೆ ಕೈತಪ್ಪಿದ ನಷ್ಟ, ಇಂಥ ಯಾವುದೇ ಪರೋಕ್ಷ ನಷ್ಟವನ್ನು ಕೊಡುವುದಿಲ್ಲ ಎಂಬುದು ಅದರ ಸಾರ. 2021ರ ಏಪ್ರಿಲ್‌ನಿಂದ ಒಂದು ಜಾಗದಲ್ಲಿ ಒಟ್ಟು 5 ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಸಣ್ಣ ಉದ್ದಿಮೆ, ಅಂಗಡಿಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಏಕರೂಪದ ಪಾಲಿಸಿ ಬಂದಿದೆ. ಹಿಂದಿನದಕ್ಕಿಂತ ಒಳ್ಳೆಯ ಪಾಲಿಸಿ ಅದು. ಅವಶೇಷ ತೆಗೆಸುವ ಖರ್ಚು, ಮತ್ತೆ ಶುರು ಮಾಡುವಾಗಿನ ಒಂದಿಷ್ಟು ಖರ್ಚು ಅದರೊಳಗೇ ಸೇರಿವೆ. ಆದರೆ ಮುಚ್ಚಿದ ತಿಂಗಳುಗಳ ಲಾಭ, ಸಂಬಳ, ಬಾಡಿಗೆ ಅದರಲ್ಲೂ ಇಲ್ಲ.

ನನ್ನ ಅನಿಸಿಕೆಯಲ್ಲಿ ಬೆಂಕಿ ಬಿದ್ದ ಅಂಗಡಿ ಶಾಶ್ವತವಾಗಿ ಮುಚ್ಚುವುದು ಈ ಸಾಲಿನಿಂದಲೇ ಹೊರತು ಬೆಂಕಿಯಿಂದಲ್ಲ. ಸುಟ್ಟ ಮಾಲಿಗೆ ದುಡ್ಡು ಬಂದೀತು. ಅಷ್ಟರೊಳಗೆ ಆರು ತಿಂಗಳ ಬಾಡಿಗೆ, ಸಂಬಳ, ಬಡ್ಡಿ ಎಲ್ಲಿಂದ ತರುವುದು? ಇದಕ್ಕೆಂದೇ ಬೇರೆ ವಿಮೆ ಇದೆ. ವಿಮಾ ಕಂಪನಿಗಳಲ್ಲಿ ಅದಕ್ಕೆ ‘ಫೈರ್ ಲಾಸ್ ಆಫ್ ಪ್ರಾಫಿಟ್’ ಅಥವಾ ‘ಬಿಸಿನೆಸ್ ಇಂಟರಪ್ಷನ್’ ಎನ್ನುತ್ತಾರೆ. ಹಳಬರು ‘ಎಲ್‌ಒಪಿ ಪಾಲಿಸಿ’ ಎನ್ನುವುದೂ ಉಂಟು. ದೊಡ್ಡ ಕಾರ್ಖಾನೆಗಳವರು ಇದನ್ನು ತಪ್ಪದೆ ಕೊಳ್ಳುತ್ತಾರೆ. ಅಂಗಡಿಯವರಿಗೆ ಹೇಳುವವರೇ ಕಡಿಮೆ.

ನೂರು ರೂಪಾಯಿ ವ್ಯಾಪಾರದಲ್ಲಿ ನಿಮ್ಮದೆಷ್ಟು

ಹೆಸರು ‘ಲಾಭನಷ್ಟದ ವಿಮೆ’ ಎಂದಿದ್ದರೂ ಈ ಪಾಲಿಸಿ ಬರೀ ಲಾಭ ತುಂಬಿಕೊಡುವುದಿಲ್ಲ. ಸಂಬಳದ ಪಟ್ಟಿ, ಬಾಡಿಗೆ ರಸೀದಿ ತಂದುಕೊಟ್ಟರೆ ಒಂದೊಂದನ್ನೂ ಪಾವತಿ ಮಾಡುವ ಪಾಲಿಸಿಯೂ ಇದಲ್ಲ. ಇದು ಅಳೆಯುವುದು ಕಡಿಮೆಯಾದ ವ್ಯಾಪಾರವನ್ನು. ಬೆಂಕಿಯಿಂದಾಗಿ ಎಷ್ಟು ರೂಪಾಯಿಯ ಮಾರಾಟ ತಪ್ಪಿತು ಎಂದು ಲೆಕ್ಕ ಹಾಕಿ, ಆ ಮಾರಾಟದಲ್ಲಿ ನಿಮ್ಮ ಕೈಗೆ ಉಳಿಯಬೇಕಿದ್ದ ಪಾಲನ್ನು ಕೊಡುತ್ತದೆ. ಆ ಪಾಲಿನೊಳಗೆ ಸಂಬಳವೂ ಬಾಡಿಗೆಯೂ ಲಾಭವೂ ಅಡಗಿರುತ್ತವೆ.

ಲೆಕ್ಕಕ್ಕೆಂದು ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಬಾಡಿಗೆ ಕಟ್ಟಡ, ಎಂಟು ಜನ ಕೆಲಸದವರು, ಸೀರೆ, ಪಂಚೆ, ಮಕ್ಕಳ ಬಟ್ಟೆ. ಹಿಂದಿನ ವರ್ಷದ ಮಾರಾಟ ಜಿಎಸ್‌ಟಿ ಬಿಟ್ಟು 1 ಕೋಟಿ 20 ಲಕ್ಷ. ಮಾರಿದ ಮಾಲಿನ ಖರೀದಿ, ಲಾರಿ ಬಾಡಿಗೆ, ಚೀಲ ಎಲ್ಲ ಸೇರಿ 84 ಲಕ್ಷ. ಉಳಿದದ್ದು 36 ಲಕ್ಷ.

ಇದನ್ನೇ ನೂರು ರೂಪಾಯಿಯ ಮಾರಾಟಕ್ಕೆ ಇಳಿಸಿ ನೋಡಿದರೆ ಎಲ್ಲ ನಿಚ್ಚಳವಾಗುತ್ತದೆ. ನೂರು ರೂಪಾಯಿಯಲ್ಲಿ 70 ರೂಪಾಯಿ ಮಾಲಿಗೆ ಹೋಯಿತು. ಅಂಗಡಿ ಮುಚ್ಚಿದ್ದಾಗ ಹೊಸ ಮಾಲು ತರಿಸುವುದಿಲ್ಲವಾದ್ದರಿಂದ ಆ 70 ರೂಪಾಯಿ ಖರ್ಚೂ ನಿಲ್ಲುತ್ತದೆ, ಅದರ ಚಿಂತೆ ಇಲ್ಲ. ಮಿಕ್ಕ 30 ರೂಪಾಯಿಯಲ್ಲಿ 10 ಕೆಲಸದವರ ಸಂಬಳ, 5 ಬಾಡಿಗೆ, 3 ಬ್ಯಾಂಕ್ ಬಡ್ಡಿ, 2 ಕರೆಂಟಿನ ನಿಗದಿತ ಶುಲ್ಕ, ಲೆಕ್ಕ ಬರೆಯುವವರ ಫೀಸು ಮುಂತಾದವು. ಕೊನೆಗೆ ಉಳಿಯುವ 10 ಮಾಲೀಕರ ನಿವ್ವಳ ಲಾಭ. ಅಂಗಡಿ ಮುಚ್ಚಿದರೂ ಸಂಬಳ, ಬಾಡಿಗೆ, ಬಡ್ಡಿ ನಿಲ್ಲುವುದಿಲ್ಲ. ಆದ್ದರಿಂದ ನೂರು ರೂಪಾಯಿ ವ್ಯಾಪಾರ ತಪ್ಪಿದರೆ ಮಾಲೀಕರಿಗೆ ಆಗುವ ನಷ್ಟ 10 ರೂಪಾಯಿ ಅಲ್ಲ, 30 ರೂಪಾಯಿ.

ಈ 30ಕ್ಕೆ ವಿಮೆಯ ಭಾಷೆಯಲ್ಲಿ ‘ಗ್ರಾಸ್ ಪ್ರಾಫಿಟ್’ ದರ ಎನ್ನುತ್ತಾರೆ. ನಿವ್ವಳ ಲಾಭ ಮತ್ತು ನಿಲ್ಲದ ಖರ್ಚು ಎರಡೂ ಸೇರಿದ ಮೊತ್ತ ಅದು. ನಿಲ್ಲದ ಖರ್ಚಿಗೆ ‘ಸ್ಟ್ಯಾಂಡಿಂಗ್ ಚಾರ್ಜಸ್’ ಎಂಬ ಹೆಸರು. ಆಡಿಟರ್ ತಯಾರಿಸುವ ಲಾಭ–ನಷ್ಟ ಪಟ್ಟಿಯಲ್ಲೂ ಗ್ರಾಸ್ ಪ್ರಾಫಿಟ್ ಎಂಬ ಸಾಲಿರುತ್ತದೆ, ಆದರೆ ಅಲ್ಲಿಯ ಅಂಕಿ ಇಲ್ಲಿಯದಕ್ಕೆ ಯಾವಾಗಲೂ ಹೊಂದುವುದಿಲ್ಲ. ಕೂಲಿಯನ್ನೋ ಸಾಗಣೆಯನ್ನೋ ಆಡಿಟರ್ ಒಂದು ಕಡೆ ಸೇರಿಸಿದ್ದರೆ ವಿಮೆಯವರು ಇನ್ನೊಂದು ಕಡೆ ಸೇರಿಸುತ್ತಾರೆ. ಪ್ರಪೋಸಲ್ ಫಾರಂ ತುಂಬುವಾಗ ಆಡಿಟರ್ ಮತ್ತು ಏಜೆಂಟ್ ಇಬ್ಬರನ್ನೂ ಎದುರುಬದುರು ಕೂರಿಸಿಕೊಳ್ಳುವುದು ಇದೇ ಕಾರಣಕ್ಕೆ ಒಳ್ಳೆಯದು.

ನಷ್ಟದಲ್ಲಿ ನಡೆಯುತ್ತಿರುವ ಅಂಗಡಿಗೆ ಇದರಿಂದ ಏನೂ ಬರುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಿವ್ವಳ ಲಾಭದ ಜಾಗದಲ್ಲಿ ನಷ್ಟವಿದ್ದರೆ ನಿಲ್ಲದ ಖರ್ಚಿನಿಂದ ಅದಕ್ಕೆ ತಕ್ಕ ಪಾಲು ಕಳೆದು ಉಳಿದದ್ದನ್ನು ಕೊಡುತ್ತಾರೆ.

ಸಂಬಳ, ಬಾಡಿಗೆ, ಬಡ್ಡಿ

ಹಳೆಯ ಮಾದರಿಯ ಪಾಲಿಸಿಗಳಲ್ಲಿ ಯಾವ ಯಾವ ಖರ್ಚಿಗೆ ವಿಮೆ ಎಂದು ಪಟ್ಟಿ ಬರೆಯಬೇಕಾಗುತ್ತದೆ. ಪಟ್ಟಿಯಲ್ಲಿ ಬರೆಯದ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಪ್ರೀಮಿಯಂ ಕಡಿಮೆ ಮಾಡಲೆಂದು ಮೊದಲು ಹೊಡೆದುಹಾಕುವುದು ಸಂಬಳವನ್ನು, ಏಕೆಂದರೆ ದೊಡ್ಡ ಮೊತ್ತ ಅದೇ. ನಮ್ಮ ಬಟ್ಟೆ ಅಂಗಡಿಯವರು ಸಂಬಳ ಬಿಟ್ಟಿದ್ದರೆ ದರ 30ರಿಂದ 20ಕ್ಕೆ ಇಳಿಯುತ್ತದೆ. ಬೆಂಕಿ ಬಿದ್ದಾಗ ಮುಂದಿರುವ ಆಯ್ಕೆ ಎರಡೇ: ಜೇಬಿನಿಂದ ಸಂಬಳ ಕೊಡುವುದು, ಇಲ್ಲವೇ ಜನರನ್ನು ಬಿಡುವುದು.

ಬಿಡುವುದು ಸುಲಭ ಎನಿಸಬಹುದು. ಆದರೆ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ನಿಂತವನಿಗೆ ಯಾವ ಮನೆಯಲ್ಲಿ ಯಾವಾಗ ಮದುವೆ, ಯಾರ ಬಜೆಟ್ ಎಷ್ಟು, ಯಾರಿಗೆ ಇಳಕಲ್ ಬೇಕು, ಯಾರಿಗೆ ಮೊಳಕಾಲ್ಮೂರು ಬೇಕು ಎಲ್ಲ ಗೊತ್ತಿರುತ್ತದೆ. ಎರಡು ತಿಂಗಳು ಸಂಬಳವಿಲ್ಲದಿದ್ದರೆ ಆತ ಎದುರಿನ ಅಂಗಡಿ ಸೇರುತ್ತಾನೆ, ಗಿರಾಕಿಗಳೂ ಹಿಂದೆಯೇ ಹೋಗುತ್ತಾರೆ. ಅಂಗಡಿ ಮತ್ತೆ ತೆರೆದಾಗ ಗೋಡೆಗೆ ಹೊಸ ಬಣ್ಣ ಇರುತ್ತದೆ, ವ್ಯಾಪಾರ ಇರುವುದಿಲ್ಲ. ಸಂಬಳಕ್ಕೆ ವಿಮೆ ಮಾಡಿಸುವುದು ದಯೆಯ ಮಾತಷ್ಟೇ ಅಲ್ಲ, ವ್ಯಾಪಾರದ ಮಾತೂ ಹೌದು.

ಎಲ್ಲರ ಸಂಬಳವನ್ನೂ ಇಡೀ ಅವಧಿಗೆ ಸೇರಿಸುವ ಶಕ್ತಿ ಇಲ್ಲದವರಿಗೆ ಮಧ್ಯದ ದಾರಿಯೂ ಇದೆ. ಸಂಬಳವನ್ನು ಬೇರೆ ಬಾಬತ್ತಾಗಿ ತೋರಿಸಿ, ಮೊದಲ ಇಷ್ಟು ವಾರ ಪೂರ್ತಿ, ಆಮೇಲೆ ಇಂತಿಷ್ಟು ಪಾಲು ಎಂದು ಕೊಳ್ಳಬಹುದು. ಹೊಲಿಗೆಯವರಂತೆ ಪೀಸಿಗಿಷ್ಟು ಎಂದು ದುಡಿಯುವವರ ಕೂಲಿ ಕೆಲಸ ನಿಂತರೆ ತಾನೇ ನಿಲ್ಲುವುದರಿಂದ ಅದನ್ನು ಸಾಮಾನ್ಯವಾಗಿ ಬದಲಾಗುವ ಖರ್ಚು ಎಂದೇ ಎಣಿಸುತ್ತಾರೆ. ಇನ್ನು ಮಾಲೀಕರು ಮನೆ ಖರ್ಚಿಗೆಂದು ಗಲ್ಲಾದಿಂದ ತೆಗೆಯುವ ದುಡ್ಡು ಸಂಬಳವಲ್ಲ. ಒಬ್ಬರೇ ಒಡೆಯರಿರುವ ಅಂಗಡಿಯಲ್ಲಿ ಅದು ನಿವ್ವಳ ಲಾಭದ ಭಾಗವಾಗಿಯೇ ಬರಬೇಕು. ಬ್ಯಾಂಕಿಗೆ ಕಟ್ಟುವ ಕಂತಿನಲ್ಲೂ ಬಡ್ಡಿ ಮಾತ್ರ ಖರ್ಚು; ಅಸಲು ಸಾಲ ತೀರಿಸುವ ಹಣ, ಅದನ್ನು ಪಟ್ಟಿಗೆ ಸೇರಿಸಲಾಗದು.

ಬಾಡಿಗೆಯ ವಿಷಯದಲ್ಲಿ ಗೊಂದಲ ಹೆಚ್ಚು. ‘ಅಂಗಡಿಯೇ ಇಲ್ಲದ ಮೇಲೆ ಬಾಡಿಗೆ ಯಾಕೆ ಕೊಡಬೇಕು?’ ಎಂದು ಬಾಡಿಗೆದಾರರು ಕೇಳುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂನಲ್ಲಿ ಇದಕ್ಕೆ ಉತ್ತರವಿದೆ. ಬೆಂಕಿಯಿಂದ ಕಟ್ಟಡದ ಮುಖ್ಯ ಭಾಗ ಪೂರ್ತಿ ನಾಶವಾದರೆ ಅಥವಾ ಕಾಯಂ ಆಗಿ ಬಳಕೆಗೆ ಬಾರದಂತಾದರೆ ಕರಾರನ್ನು ರದ್ದೆಂದು ಹೇಳುವ ಆಯ್ಕೆ ಬಾಡಿಗೆದಾರನದು, ಬೆಂಕಿಗೆ ಆತನ ತಪ್ಪೇ ಕಾರಣವಲ್ಲದಿದ್ದರೆ. ಆಯ್ಕೆ ಆತನದು ಎಂದರೆ, ಆತ ಬಿಡದಿದ್ದರೆ ಕರಾರು ಉಳಿಯುತ್ತದೆ ಎಂದರ್ಥ. ಕಟ್ಟಡ ಬಿದ್ದ ಮಾತ್ರಕ್ಕೆ ಬಾಡಿಗೆ ಹಕ್ಕು ತಾನಾಗಿ ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಪೇಟೆಯ ಒಳ್ಳೆಯ ಜಾಗದ ಅಂಗಡಿಯನ್ನು ಯಾರೂ ಬಿಡಲೊಲ್ಲರು. ಹಾಗಾಗಿ ದುರಸ್ತಿಯ ತಿಂಗಳುಗಳಲ್ಲೂ ಬಾಡಿಗೆ ಕೊಡುತ್ತಲೇ ಹೋಗುತ್ತಾರೆ. ಆ ಬಾಡಿಗೆ ನಿಲ್ಲದ ಖರ್ಚು, ಲಾಭನಷ್ಟದ ಪಾಲಿಸಿಯ ಪಟ್ಟಿಯಲ್ಲಿ ಇರಲೇಬೇಕು. ಕಟ್ಟಡದ ಮಾಲೀಕ ಕನಿಕರಪಟ್ಟು ಎರಡು ತಿಂಗಳು ಬಾಡಿಗೆ ಬಿಟ್ಟರೆ ಅಷ್ಟು ಉಳಿತಾಯವಾಯಿತೆಂದು ವಿಮೆಯವರು ಕ್ಲೇಮಿನಲ್ಲಿ ಕಳೆಯುತ್ತಾರೆ.

ಕಟ್ಟಡದ ಮಾಲೀಕರ ನಷ್ಟ ಬೇರೆಯದು. ಬಾಡಿಗೆದಾರ ಬಿಟ್ಟುಹೋದರೆ ಅವರಿಗೆ ಬರಬೇಕಾದ ಬಾಡಿಗೆ ನಿಲ್ಲುತ್ತದೆ. ಅದಕ್ಕೆ ಬೆಂಕಿ ಪಾಲಿಸಿಯ ಜೊತೆಗೇ ‘ಲಾಸ್ ಆಫ್ ರೆಂಟ್’ ಎಂಬ ಹೆಚ್ಚುವರಿ ರಕ್ಷಣೆ ಕೊಳ್ಳಬಹುದು. ಒಂದೇ ಕಟ್ಟಡ, ಒಂದೇ ಬೆಂಕಿಯಾದರೂ ಬಾಡಿಗೆ ಕೊಡುವವರಿಗೂ ಪಡೆಯುವವರಿಗೂ ಪಾಲಿಸಿ ಬೇರೆ ಬೇರೆ.

ಬೆಂಕಿಯಿಂದ ಚೆಕ್ಕಿನವರೆಗೆ

ಈಗ ನಮ್ಮ ಬಟ್ಟೆ ಅಂಗಡಿಗೆ ಸೆಪ್ಟೆಂಬರ್ 10ರ ರಾತ್ರಿ ಬೆಂಕಿ ಬಿತ್ತು ಎಂದುಕೊಳ್ಳಿ. ದಸರಾ, ದೀಪಾವಳಿಗೆ ಮಾಲು ತುಂಬಿದ್ದ ಸಮಯ. ಹಿಂಭಾಗದ ಗೋಡೌನು ಸುಟ್ಟಿದೆ. ಮುಂದಿನ ಸೀರೆಗಳಿಗೆ ಬೆಂಕಿ ತಗಲಿಲ್ಲ, ಆದರೆ ಹೊಗೆಯ ವಾಸನೆ ಮಡಿಕೆ ಮಡಿಕೆಗೂ ಹಿಡಿದಿದೆ. ಅಗ್ನಿಶಾಮಕದವರ ನೀರಿಗೆ ಕೆಳಗಿನ ರ‍್ಯಾಕಿನ ಬಣ್ಣದ ಸೀರೆಗಳು ಒಂದಕ್ಕೊಂದು ಬಣ್ಣ ಬಿಟ್ಟುಕೊಂಡಿವೆ. ಹೊಗೆ, ನೀರಿನ ಈ ಹಾನಿಯೂ ಬೆಂಕಿಯ ಹಾನಿಯೇ.

ಲಾಭನಷ್ಟದ ಪಾಲಿಸಿ ಕೆಲಸ ಮಾಡಬೇಕಾದರೆ ಒಂದು ಷರತ್ತು ಮೊದಲು ಈಡೇರಬೇಕು. ಅದೇ ಮಾಲು, ಫರ್ನಿಚರಿಗೆ ಬೆಂಕಿ ವಿಮೆ ಜಾರಿಯಲ್ಲಿರಬೇಕು, ಆ ಕಂಪನಿ ಕ್ಲೇಮನ್ನು ಒಪ್ಪಿರಬೇಕು. ಸುಟ್ಟದ್ದಕ್ಕೆ ಹಣ ಬಾರದಿದ್ದರೆ ಅಂಗಡಿ ಮತ್ತೆ ಏಳುವುದೇ ಅನುಮಾನ, ಆಗ ವ್ಯಾಪಾರದ ನಷ್ಟಕ್ಕೆ ಕೊನೆಯೇ ಇರುವುದಿಲ್ಲ. ಈ ಷರತ್ತಿನ ಹಿಂದಿನ ಕಾರಣ ಅದು. ಬೆಂಕಿ ಪಾಲಿಸಿಯ ನವೀಕರಣ ಮರೆತಿದ್ದರೆ ಎರಡೂ ಹೋದಂತೆ. ಪಕ್ಕದ ಅಂಗಡಿ ಸುಟ್ಟು, ಪೊಲೀಸರು ರಸ್ತೆ ಮುಚ್ಚಿ, ನಿಮ್ಮ ಅಂಗಡಿಗೆ ಏನೂ ಆಗದೆ ಬರೀ ವ್ಯಾಪಾರ ನಿಂತರೂ ಸಾಮಾನ್ಯ ಪಾಲಿಸಿಯಲ್ಲಿ ಏನೂ ಸಿಗದು. ಅದಕ್ಕೆ ಬೇರೆ ವಿಸ್ತರಣೆ ಕೊಂಡಿರಬೇಕು. 2020ರ ಲಾಕ್‌ಡೌನಿನಲ್ಲಿ ಈ ಪಾಲಿಸಿ ಇದ್ದವರಿಗೂ ಹಣ ಸಿಗದಿರಲು ಇದೇ ಕಾರಣ: ಅಂಗಡಿ ಮುಚ್ಚಿತ್ತು, ಆದರೆ ಯಾವ ವಸ್ತುವಿಗೂ ಹಾನಿಯಾಗಿರಲಿಲ್ಲ.

ನಮ್ಮ ಅಂಗಡಿಯವರು ಕೈಕಟ್ಟಿ ಕೂರಲಿಲ್ಲ. ಸೆಪ್ಟೆಂಬರ್ ಕೊನೆಗೆ ಎರಡು ರಸ್ತೆ ಆಚೆ ಒಂದು ಹಾಲ್ ಹಿಡಿದು, ಸಾಲಕ್ಕೆ ಮಾಲು ತಂದು, ಆಟೋದಲ್ಲಿ ಮೈಕ್ ಕಟ್ಟಿಸಿ ಊರೆಲ್ಲ ಕೂಗಿಸಿದರು. ಹಾಲಿನ ಬಾಡಿಗೆ, ರ‍್ಯಾಕು, ಪ್ರಚಾರ ಸೇರಿ ಎರಡೂವರೆ ಲಕ್ಷ ಖರ್ಚಾಯಿತು. ಅಲ್ಲಿ 15 ಲಕ್ಷದ ವ್ಯಾಪಾರವಾಯಿತು. ಮೂಲ ಅಂಗಡಿ ಮತ್ತೆ ತೆರೆದದ್ದು ಡಿಸೆಂಬರ್ ಮಧ್ಯಕ್ಕೆ, ಧನುರ್ಮಾಸ ಶುರುವಾಗುವ ಹೊತ್ತಿಗೆ. ಮದುವೆಗಳಿಲ್ಲದ ತಿಂಗಳು. ಸಂಕ್ರಾಂತಿ ಕಳೆದ ಮೇಲೂ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ವ್ಯಾಪಾರ ಹಿಂದಿನ ಮಟ್ಟಕ್ಕೆ ಬಂದದ್ದು ಮಾರ್ಚ್ 10ರ ಸುಮಾರಿಗೆ. ಡಿಸೆಂಬರಿನಿಂದ ಅಲ್ಲಿಯವರೆಗೆ ಆದ ವ್ಯಾಪಾರ 24 ಲಕ್ಷ 20 ಸಾವಿರ.

ಪರಿಹಾರದ ಅವಧಿ ಶಟರ್ ಎತ್ತಿದ ದಿನಕ್ಕೆ ಮುಗಿಯುವುದಿಲ್ಲ. ವ್ಯಾಪಾರ ಮೊದಲಿನ ಮಟ್ಟಕ್ಕೆ ಬರುವವರೆಗೆ, ಇಲ್ಲವೇ ಪಾಲಿಸಿಯಲ್ಲಿ ಕೊಂಡ ಗರಿಷ್ಠ ತಿಂಗಳು ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಮೂರು ತಿಂಗಳಲ್ಲಿ ಅಂಗಡಿ ರಿಪೇರಿಯಾದೀತು ಎಂದು ಮೂರೇ ತಿಂಗಳ ಅವಧಿ ಕೊಂಡಿದ್ದರೆ ಡಿಸೆಂಬರ್ 10ಕ್ಕೆ ಎಲ್ಲ ನಿಲ್ಲುತ್ತಿತ್ತು. ಗಿರಾಕಿಗಳಿಲ್ಲದ ಮುಂದಿನ ಮೂರು ತಿಂಗಳು ಪೂರ್ತಿ ಸ್ವಂತ ಖರ್ಚು. ಇವರು 12 ತಿಂಗಳು ಕೊಂಡಿದ್ದರು.

ಸರ್ವೇಯರ್ ಲೆಕ್ಕ ಶುರುಮಾಡುವುದು ಹಿಂದಿನ ವರ್ಷದ ಇದೇ ತಿಂಗಳುಗಳಿಂದ. ವರ್ಷದ ಮಾರಾಟವನ್ನು ಹನ್ನೆರಡರಿಂದ ಭಾಗಿಸುವುದಿಲ್ಲ. ಹಬ್ಬದ ಅಂಗಡಿಗೆ ಹಬ್ಬದ ತಿಂಗಳಿನದೇ ಹೋಲಿಕೆ. ಹಿಂದಿನ ಸಲ ಸೆಪ್ಟೆಂಬರ್ 10ರಿಂದ ಮಾರ್ಚ್ 10ರವರೆಗೆ 72 ಲಕ್ಷ ವ್ಯಾಪಾರವಾಗಿತ್ತು. ಈ ಹಂತದಲ್ಲಿ ನಡೆಯುವ ಮಾತುಕತೆ ಹೀಗಿರುತ್ತದೆ:

‘ಸರ್, ಬೆಂಕಿ ಬೀಳ್ದಿದ್ರೆ ಈ ಸಲ ಇನ್ನೂ ಜಾಸ್ತಿ ಆಗ್ತಿತ್ತು.’

‘ಇರಬಹುದು ಯಜಮಾನ್ರೇ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿಂದು ತೋರಿಸಿ, ಹೋದ ವರ್ಷದ ಜೊತೆ ಹೋಲಿಸೋಣ.’

‘ಬಿಲ್ ಪುಸ್ತಕ ಎಲ್ಲ ಸುಟ್ಟೋಯ್ತಲ್ಲ ಸರ್.’

‘ಜಿಎಸ್‌ಟಿ ರಿಟರ್ನ್ ಸುಟ್ಟಿರಲ್ಲ. ನಿಮ್ಮ ಆಡಿಟರ್‌ಗೆ ಫೋನ್ ಮಾಡಿ.’

ಪ್ರತಿ ಅವಧಿಗೂ ಸಲ್ಲಿಸುವ ಜಿಎಸ್‌ಟಿಆರ್-3ಬಿ ರಿಟರ್ನಿನಲ್ಲಿ ಮಾರಾಟದ ಅಂಕಿ ಪೋರ್ಟಲ್‌ನಲ್ಲೇ ಉಳಿದಿರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟು, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಪಟ್ಟಿ, ಸೂರತ್ತಿನದೋ ಬೆಂಗಳೂರಿನದೋ ಸಗಟು ವ್ಯಾಪಾರಿಯ ಬಳಿ ಇರುವ ಬಿಲ್ಲುಗಳು ಅದಕ್ಕೆ ಜೊತೆ. ಬಿಲ್ಲಿಲ್ಲದೆ ಮಾಡಿದ ವ್ಯಾಪಾರಕ್ಕೆ ಮಾತ್ರ ಇಲ್ಲಿ ಜಾಗವಿಲ್ಲ. ತೆರಿಗೆಗೆ ತೋರಿಸದ ಮಾರಾಟವನ್ನು ಕ್ಲೇಮಿನಲ್ಲಿ ತೋರಿಸಲು ಬರುವುದಿಲ್ಲ.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ವ್ಯಾಪಾರ ಹಿಂದಿನ ವರ್ಷಕ್ಕಿಂತ ಶೇಕಡ 10ರಷ್ಟು ಹೆಚ್ಚಿತ್ತು ಎಂದು ರಿಟರ್ನುಗಳು ತೋರಿಸಿದವು. ಆದ್ದರಿಂದ 72 ಲಕ್ಷವನ್ನು 79 ಲಕ್ಷ 20 ಸಾವಿರಕ್ಕೆ ಏರಿಸಬಹುದು. ಇದು ಎರಡೂ ಕಡೆಗೆ ತಿರುಗುವ ಮಾತು; ಎದುರಿಗೆ ದೊಡ್ಡ ಷೋರೂಮ್ ಬಂದು ಮಾರಾಟ ಇಳಿಯುತ್ತಿದ್ದರೆ ಅಂಕಿಯನ್ನೂ ಇಳಿಸುತ್ತಾರೆ. ಆಗಬೇಕಿದ್ದ ವ್ಯಾಪಾರ 79 ಲಕ್ಷ 20 ಸಾವಿರ. ಹಾಲಿನಲ್ಲಿ ಆದದ್ದು, ತೆರೆದ ಮೇಲೆ ಆದದ್ದು ಸೇರಿ 39 ಲಕ್ಷ 20 ಸಾವಿರ. ತಪ್ಪಿದ್ದು 40 ಲಕ್ಷ. ಅದರ ಶೇಕಡ 30 ಎಂದರೆ 12 ಲಕ್ಷ.

ಇದಕ್ಕೆ ಹಾಲಿಗೆ ಮಾಡಿದ ಎರಡೂವರೆ ಲಕ್ಷ ಸೇರುತ್ತದೆ. ಇಂಥ ಹೆಚ್ಚುವರಿ ಖರ್ಚಿಗೆ ಒಂದು ಮಿತಿ ಇದೆ. ಆ ಖರ್ಚಿನಿಂದ ಉಳಿದ ವ್ಯಾಪಾರದ ಶೇಕಡ 30ಕ್ಕಿಂತ ಅದು ಹೆಚ್ಚಿರಬಾರದು. ಹಾಲಿನಲ್ಲಿ 15 ಲಕ್ಷ ವ್ಯಾಪಾರವಾಗಿದೆ, ಅದರ ಶೇಕಡ 30 ನಾಲ್ಕೂವರೆ ಲಕ್ಷ. ಎರಡೂವರೆ ಲಕ್ಷ ಖರ್ಚು ಮಾಡಿ ನಾಲ್ಕೂವರೆ ಲಕ್ಷದ ನಷ್ಟ ತಪ್ಪಿಸಿದ್ದರಿಂದ ಪೂರ್ತಿ ಸಿಗುತ್ತದೆ. ಅದೇ ಹಾಲಿಗೆ ಏಸಿ, ಗಾಜಿನ ಬಾಗಿಲು ಹಾಕಿಸಿ ಆರು ಲಕ್ಷ ಸುರಿದಿದ್ದರೆ ನಾಲ್ಕೂವರೆಗೆ ನಿಲ್ಲುತ್ತಿತ್ತು. ಹಾಲ್ ಹಿಡಿಯುವ ಮೊದಲೇ ಸರ್ವೇಯರ್‌ಗೆ ಒಂದು ಇಮೇಲ್ ಕಳಿಸಿ ಒಪ್ಪಿಗೆ ಪಡೆಯುವುದು ಜಾಣತನ.

ಕೆಲಸದವರಲ್ಲಿ ಇಬ್ಬರು ತಾವಾಗಿಯೇ ಬಿಟ್ಟುಹೋಗಿದ್ದರು, ಮೂರು ತಿಂಗಳು ಅವರ ಸಂಬಳ ಉಳಿಯಿತು. ಅದು 75 ಸಾವಿರ. ನಿಗದಿತ ಖರ್ಚಿನ ಕರೆಂಟಿನಲ್ಲಿ 25 ಸಾವಿರ ಉಳಿಯಿತು. ಈ ಒಂದು ಲಕ್ಷ ಕಳೆದರೆ ಕ್ಲೇಮ್ ಹದಿಮೂರೂವರೆ ಲಕ್ಷ. ಪಾಲಿಸಿಯಲ್ಲಿ ಮೊದಲ ಕೆಲವು ದಿನಗಳ ನಷ್ಟ ವಿಮೆದಾರನದೇ ಎಂಬ ನಿಯಮ ಇರುವುದುಂಟು. ಏಳು ದಿನ ಎಂದಿದ್ದರೆ ಈ ಅಂಗಡಿಗೆ ಇನ್ನೊಂದು 76 ಸಾವಿರದಷ್ಟು ಕಡಿತ.

ಮೊತ್ತ ತಪ್ಪಿದರೆ

ಇಷ್ಟೆಲ್ಲ ಸರಿಯಿದ್ದೂ ಚೆಕ್ ಚಿಕ್ಕದಾಗಿ ಬರಬಹುದು. ವಿಮೆಯ ಮೊತ್ತ ಎಷ್ಟಿರಬೇಕಿತ್ತು ಎಂದು ಸರ್ವೇಯರ್ ಕೊನೆಗೆ ನೋಡುತ್ತಾರೆ. ಏರಿಕೆಯನ್ನೂ ಸೇರಿಸಿದ ವರ್ಷದ ಮಾರಾಟ 1 ಕೋಟಿ 32 ಲಕ್ಷ, ಅದರ ಶೇಕಡ 30 ಎಂದರೆ 39 ಲಕ್ಷ 60 ಸಾವಿರ. ಮೊತ್ತ ಅಷ್ಟಿರಬೇಕಿತ್ತು. ಹಿಂದಿನ ವರ್ಷದ ಲೆಕ್ಕ ನೋಡಿ 36 ಲಕ್ಷಕ್ಕೆ ಮಾಡಿಸಿದ್ದರೆ ಕ್ಲೇಮಿನಲ್ಲಿ ಹನ್ನೊಂದರಲ್ಲಿ ಒಂದು ಪಾಲು ಹೋಗುತ್ತದೆ, ಅಂದರೆ ಸುಮಾರು 1 ಲಕ್ಷ 23 ಸಾವಿರ. ಸಹಿಸಬಹುದು. ಆದರೆ ಪಾಲಿಸಿ ಗ್ರಾಸ್ ಪ್ರಾಫಿಟ್‌ಗೆಂದು ಬರೆಸಿ, ‘ನಮ್ಮ ವರ್ಷದ ಲಾಭ 12 ಲಕ್ಷ’ ಎಂದು 12 ಲಕ್ಷವನ್ನೇ ಮೊತ್ತವಾಗಿ ತುಂಬಿದ್ದರೆ? 39 ಲಕ್ಷ 60 ಸಾವಿರಕ್ಕೆ 12 ಲಕ್ಷ ಎಷ್ಟನೇ ಪಾಲೋ ಅಷ್ಟೇ ಸಿಗುವುದು. ಹದಿಮೂರೂವರೆ ಲಕ್ಷದ ನಷ್ಟಕ್ಕೆ ಬರುವುದು 4 ಲಕ್ಷ 9 ಸಾವಿರ. ಈ ವಿಮೆಯಲ್ಲಿ ಇದಕ್ಕಿಂತ ದುಬಾರಿ ತಪ್ಪು ಇಲ್ಲ. ಅದು ನಡೆಯುವುದು ಬೆಂಕಿಯ ದಿನವಲ್ಲ, ಫಾರಂ ತುಂಬುವ ದಿನ. ಪರಿಹಾರದ ಅವಧಿ ಆರೇ ತಿಂಗಳು ಕೊಂಡರೂ ಮೊತ್ತ ಮಾತ್ರ ಇಡೀ ವರ್ಷದ್ದಿರಬೇಕು ಎಂಬುದೂ ಹಲವರಿಗೆ ತಿಳಿಯದು.

ಹೆಚ್ಚು ಮೊತ್ತ ಹಾಕಿದರೆ ಪ್ರೀಮಿಯಂ ದಂಡವಾಗುತ್ತದೆ ಎಂಬ ಅಳುಕು ಸಹಜ. ಅದಕ್ಕೊಂದು ಸಮಾಧಾನ ಪಾಲಿಸಿಯಲ್ಲೇ ಇದೆ. ವರ್ಷದ ಕೊನೆಗೆ ನಿಜವಾದ ಗ್ರಾಸ್ ಪ್ರಾಫಿಟ್ ವಿಮೆಯ ಮೊತ್ತಕ್ಕಿಂತ ಕಡಿಮೆ ಬಂದಿದ್ದರೆ, ಆಡಿಟರ್ ಪ್ರಮಾಣಪತ್ರ ಕೊಟ್ಟಲ್ಲಿ, ಹೆಚ್ಚು ಕಟ್ಟಿದ ಪ್ರೀಮಿಯಂ ಅದೇ ಪ್ರಮಾಣದಲ್ಲಿ ವಾಪಸ್ ಬರುತ್ತದೆ. ಗರಿಷ್ಠ ಕಟ್ಟಿದ್ದರ ಅರ್ಧದವರೆಗೆ. ಇದನ್ನು ಕೇಳಿ ಪಡೆಯುವವರು ವಿರಳ. ಆದ್ದರಿಂದ ಮುಂದಿನ ವರ್ಷ, ಅದರಾಚೆಯ ವರ್ಷ ಆಗಬಹುದಾದ ವ್ಯಾಪಾರ ಊಹಿಸಿ ಒಂದಿಷ್ಟು ಹೆಚ್ಚೇ ಹಾಕುವುದು ಸುರಕ್ಷಿತ. ಮಾರ್ಚಿನಲ್ಲಿ ಬೆಂಕಿ ಬಿದ್ದರೆ ಪರಿಹಾರದ ಅವಧಿ ಮುಂದಿನ ವರ್ಷದೊಳಗೆ ಹೋಗುತ್ತದೆಯಲ್ಲ.

ಕ್ಲೇಮ್ ಮಾಡುವವರು ಎಲ್ಲ ಮುಗಿಯುವವರೆಗೆ ಕಾಯಬೇಕಿಲ್ಲ. ಬೆಂಕಿ ಬಿದ್ದ ಕೂಡಲೇ ಬೆಂಕಿ ಪಾಲಿಸಿಯ ಜೊತೆ ಇದರ ನಂಬರನ್ನೂ ಬರೆದು ಕಂಪನಿಗೆ ತಿಳಿಸಬೇಕು. ಒಂದನ್ನು ತಿಳಿಸಿ ಇನ್ನೊಂದನ್ನು ಮರೆಯುವುದು ಗಡಿಬಿಡಿಯಲ್ಲಿ ಆಗುವಂಥದೇ. ಸಂಬಳ, ಬಾಡಿಗೆ ಕೈಕಚ್ಚುತ್ತಿದ್ದರೆ ತಿಂಗಳ ಲೆಕ್ಕ ಕೊಟ್ಟು ಮಧ್ಯಂತರ ಹಣ ಕೇಳಬಹುದು. ಹೊಣೆ ಒಪ್ಪಿದ ಮೇಲೆ ಕಂಪನಿಗಳು ಕೊಡುವುದುಂಟು. ಪರಿಹಾರದ ಅವಧಿ ಮುಗಿದ 30 ದಿನದೊಳಗೆ ಪೂರ್ತಿ ಲೆಕ್ಕ ಕೊಡಬೇಕೆಂಬುದು ಪಾಲಿಸಿಯ ಸಾಮಾನ್ಯ ಷರತ್ತು. ಸಮಯ ಸಾಲದಿದ್ದರೆ ಮೊದಲೇ ಬರೆದು ಕೇಳಿಕೊಳ್ಳಬೇಕು. ಈ ಲೆಕ್ಕ ತಯಾರಿಸುವ ಆಡಿಟರ್ ಫೀಸಿಗೂ ವಿಮೆ ಸೇರಿಸುವ ಅವಕಾಶವಿದೆ. ಬಂದ ಹಣ ಲಾಭದ ಬದಲಿಗೆ ಬಂದದ್ದಾದ್ದರಿಂದ ಆದಾಯ ತೆರಿಗೆಯಲ್ಲಿ ವ್ಯಾಪಾರದ ಆದಾಯವೆಂದೇ ತೋರಿಸಬೇಕಾಗುತ್ತದೆ.

ಜಗಳ ಹೆಚ್ಚಾಗಿ ಹುಟ್ಟುವುದು ಅವಧಿಯ ಬಗ್ಗೆ. ರಿಪೇರಿಗೆ ಮೂರು ತಿಂಗಳು ಸಾಕಿತ್ತು, ನೀವು ಐದು ಮಾಡಿದಿರಿ ಎಂದು ಸರ್ವೇಯರ್ ಹೇಳುತ್ತಾರೆ. ಬಂಡವಾಳ ಹೊಂದಿಸಲಾಗದೆ ತಡವಾಗಿದ್ದರೆ, ಅಣ್ಣತಮ್ಮಂದಿರ ಪಾಲಿನ ತಕರಾರಿನಿಂದ ಕೆಲಸ ನಿಂತಿದ್ದರೆ ಆ ತಿಂಗಳುಗಳು ಲೆಕ್ಕಕ್ಕೆ ಬರುವುದು ಕಷ್ಟ. ಅದಕ್ಕೆ ಉತ್ತರ ಕಾಗದದಲ್ಲಿರಬೇಕು: ಗುತ್ತಿಗೆದಾರನ ಕೊಟೇಶನ್ ಬಂದ ದಿನ, ಪಾಲಿಕೆಗೆ ಅರ್ಜಿ ಹಾಕಿದ ದಿನ, ಅವಶೇಷ ತೆಗೆಯಬಹುದು ಎಂದು ಸರ್ವೇಯರ್ ಒಪ್ಪಿಗೆ ಕೊಟ್ಟ ದಿನ. ಈ ಕೊನೆಯದು ಬಹಳ ಮುಖ್ಯ, ಏಕೆಂದರೆ ಪರಿಶೀಲನೆ ಮುಗಿಯುವವರೆಗೆ ಸುಟ್ಟ ಮಾಲನ್ನು ಕದಲಿಸಬೇಡಿ ಎಂದು ಅವರೇ ಹೇಳಿರುತ್ತಾರೆ, ಆ ವಾರಗಳ ವಿಳಂಬ ಅಂಗಡಿಯವರದಲ್ಲ.

ಕಂಪನಿಯ ಉತ್ತರ ಸಮಾಧಾನ ತರದಿದ್ದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಒಬ್ಬರೇ ಮಾಲೀಕರಿರುವ ಅಂಗಡಿ, ಅತಿಸಣ್ಣ ಉದ್ದಿಮೆ ಎರಡಕ್ಕೂ ಅಲ್ಲಿ ಪ್ರವೇಶವಿದೆ. 50 ಲಕ್ಷ ರೂಪಾಯಿವರೆಗಿನ ವಿವಾದವನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ವಿಚಾರಿಸುತ್ತಾರೆ.